‘ಎಲ್‌ಸಿ ವಾಪಸ್’ ಅಂತ ಬರೆದು ಬಸ್ಸು ಹತ್ತಿದ್ದೆ

ಪತ್ರಿಕೋದ್ಯಮ ಓದೋದಕ್ಕೆ ಮೊದಲು ನಾನು ಒಂದೂವರೆ ವರ್ಷ ನಮ್ಮ ಕಡೆಯ ಒಂದು ಕರೆಂಟ್ ಸಬ್‌ಸ್ಟೇಷನ್ನಲ್ಲಿ ಗುತ್ತಿಗೆ ಆಪರೇಟರ್ ಆಗಿದ್ದೆ. ಐಟಿಐ ಮುಗಿಸಿದ್ದೆ, ಮನೆಯಲ್ಲಿ ದುಡ್ಡಿನ ಅಗತ್ಯ ಇತ್ತು, ಕೆಲಸ ಸಿಕ್ಕಿತು, ಸೇರಿಕೊಂಡೆ. ಆ ಒಂದೂವರೆ ವರ್ಷದಲ್ಲಿ ನಾನು ಬರೆದ ನೂರಾರು ಪುಟಗಳಲ್ಲಿ ನಾಲ್ಕು ಸಾಲು ಮಾತ್ರ ಇವತ್ತಿಗೂ ಬಾಯಿಪಾಠ ಇವೆ:

“4ನೇ ಫೀಡರ್ ಇಎಫ್ ಟ್ರಿಪ್. ಮರ ತೆರವು ಆಗಿದೆ. ಎಲ್‌ಸಿ ವಾಪಸ್ ಬಂದಿದೆ. ಚಾರ್ಜ್ ಮಾಡುವುದು ಬಾಕಿ.”

ಓದಿದರೆ ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಈ ನಾಲ್ಕು ಸಾಲಿನಿಂದ ಅವತ್ತು ರಾತ್ರಿ ಇಬ್ಬರು ಮನುಷ್ಯರು ಕಂಬದ ಮೇಲೆ ಸುಟ್ಟುಹೋಗಬಹುದಿತ್ತು. ಹೇಗೆ ಅಂತ ಹೇಳಬೇಕಾದರೆ ಮೊದಲು ನಮ್ಮ ಸ್ಟೇಷನ್ನಿನ ಒಳಗೆ ನಿಮ್ಮನ್ನು ಒಂದು ಸುತ್ತು ಕರೆದುಕೊಂಡು ಹೋಗಬೇಕು.

ನಮ್ಮದು 33/11 ಕೆವಿ ಸ್ಟೇಷನ್. ಅಂದರೆ ದೂರದಿಂದ 33 ಸಾವಿರ ವೋಲ್ಟಿನಲ್ಲಿ ಬರುವ ಕರೆಂಟನ್ನು 11 ಸಾವಿರ ವೋಲ್ಟಿಗೆ ಇಳಿಸಿ, ಐದು ದಾರಿಯಲ್ಲಿ ಊರುಗಳ ಕಡೆ ಕಳಿಸುವ ಜಾಗ. ಆ ಒಂದೊಂದು ದಾರಿಗೂ ಫೀಡರ್ ಅಂತಾರೆ. ನಿಮ್ಮ ಊರಿನ ಟಿಸಿಗೆ ಬಂದು ಸೇರುವ ಮೂರು ತಂತಿ ಇಂಥ ಯಾವುದೋ ಒಂದು ಫೀಡರ್‌ನ ಬಾಲ. ಸ್ಟೇಷನ್ನಿನಲ್ಲಿ ದಿನಕ್ಕೆ ಮೂರು ಪಾಳಿ. ಬೆಳಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಗ್ಗೆ 6. ಪಾಳಿಗೆ ಒಬ್ಬ ಆಪರೇಟರ್. ಗಂಟೆಗೊಮ್ಮೆ ಮೀಟರ್ ನೋಡಿ ಬರೆಯೋದು, ಫೀಡರ್ ಆಫ್ ಆನ್ ಮಾಡೋದು, ಬರುವ ಫೋನು ಎತ್ತೋದು, ಪಾಳಿ ಮುಗಿಯುವಾಗ ಮುಂದಿನವನಿಗೆ ಪುಸ್ತಕದಲ್ಲಿ ಬರೆದು ಒಪ್ಪಿಸೋದು. ಕೆಲಸ ಇಷ್ಟೇ.

ಇನ್ನೊಂದು ವಿಷಯ ಗೊತ್ತಿರಬೇಕು. ಅದು ಎಲ್‌ಸಿ, ಲೈನ್ ಕ್ಲಿಯರ್. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ “ಇಂಥ ಫೀಡರ್‌ಗೆ ಎಲ್‌ಸಿ ಕೊಡಿ” ಅಂತ ಕೇಳುತ್ತಾನೆ. ಆಪರೇಟರ್ ಬ್ರೇಕರ್ ಆಫ್ ಮಾಡಬೇಕು. ಯಾರ್ಡಿಗೆ ಹೋಗಿ ಐಸೊಲೇಟರ್ ತೆರೆಯಬೇಕು. ಅರ್ಥ್ ಸ್ವಿಚ್ ಹಾಕಿ ಲೈನನ್ನು ಭೂಮಿಗೆ ಕಟ್ಟಬೇಕು. ಹ್ಯಾಂಡಲ್ಲಿಗೆ ‘ಲೈನಿನ ಮೇಲೆ ಜನ ಇದ್ದಾರೆ’ ಅನ್ನುವ ಕೆಂಪು ಬೋರ್ಡ್ ನೇತುಹಾಕಬೇಕು. ಇಷ್ಟಾದ ಮೇಲೆ ನಂಬರ್ ಹಾಕಿ, ಹೊತ್ತು ಬರೆದು ಎಲ್‌ಸಿ ಕೊಡಬೇಕು. ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡ ಮನುಷ್ಯನೇ, ಅದೇ ನಂಬರ್ ಹೇಳಿ ವಾಪಸ್ ಕೊಡಬೇಕು. “ಅವರ ಕೆಲಸ ಮುಗಿದಿರಬೇಕು” ಅಂತ ಬೇರೆ ಯಾರೇ ಫೋನ್ ಮಾಡಿದರೂ ಅದು ವಾಪಸ್ ಅಲ್ಲ. ಕಂಬದ ಮೇಲಿರುವವನ ಜೀವ ಆ ನಂಬರಿನಲ್ಲಿ ಇರುತ್ತದೆ.

ಈಗ ಆ ದಿನದ ಕತೆಗೆ ಬರ್ತೀನಿ.

ಮೇ ತಿಂಗಳು. ನನ್ನದು 2ರಿಂದ 10ರ ಪಾಳಿ. ಸಂಜೆ ಆರೂವರೆ ಹೊತ್ತಿಗೆ ಗಾಳಿ ಎದ್ದು ಮಳೆ ಹೊಡೆಯಲು ಶುರುವಾಯಿತು. 6:52ಕ್ಕೆ 4ನೇ ಫೀಡರ್ ಟ್ರಿಪ್ ಆಯಿತು. ರಿಲೇ ನೋಡಿದರೆ ಅರ್ಥ್ ಫಾಲ್ಟ್, ನಾವು ಇಎಫ್ ಅಂತ ಬರೆಯೋದು ಅದನ್ನೇ. ಅಂದರೆ ತಂತಿಯ ಕರೆಂಟು ಎಲ್ಲೋ ಭೂಮಿಗೆ ಹರಿಯುತ್ತಿದೆ. ಮರ ತಾಗಿರಬಹುದು, ತಂತಿ ಹರಿದು ಬಿದ್ದಿರಬಹುದು, ಪಿಂಗಾಣಿ ಒಡೆದಿರಬಹುದು. 7:05ಕ್ಕೆ ಒಮ್ಮೆ ಚಾರ್ಜ್ ಮಾಡಿ ನೋಡಿದೆ. ಕೈ ತೆಗೆಯುವಷ್ಟರಲ್ಲಿ ಮತ್ತೆ ಟ್ರಿಪ್. ಹಾಗೇ ಬಿಟ್ಟು ಎರಡೂ ಸೆಕ್ಷನ್ನಿಗೆ ಫೋನ್ ಮಾಡಿದೆ.

ಎರಡು ಸೆಕ್ಷನ್ ಯಾಕೆ ಅಂದರೆ, ಈ ಫೀಡರ್ ಮಧ್ಯದಲ್ಲಿ ಒಂದು ದೊಡ್ಡ ಹಳ್ಳ ದಾಟುತ್ತದೆ. ಹಳ್ಳದ ಈಚೆಯ ಊರುಗಳು ಒಂದು ಸೆಕ್ಷನ್ನಿಗೆ, ಆಚೆಯ ಊರುಗಳು ಇನ್ನೊಂದಕ್ಕೆ. ಹಳ್ಳದ ಹತ್ತಿರ ಕಂಬದ ಮೇಲೆ ಒಂದು ಜಿಒಎಸ್ ಇದೆ. ಕೆಳಗೆ ನಿಂತು ಹ್ಯಾಂಡಲ್ ಎಳೆದರೆ ಮೂರೂ ತಂತಿಯನ್ನು ಒಟ್ಟಿಗೆ ಬೇರೆ ಮಾಡುವ ಸ್ವಿಚ್ಚು ಅದು. 7:50ಕ್ಕೆ ಲೈನ್‌ಮ್ಯಾನ್ ಅದನ್ನು ತೆರೆದರು. 7:58ಕ್ಕೆ ನಾನು ಚಾರ್ಜ್ ಮಾಡಿದೆ. ಈ ಸಲ ನಿಂತಿತು. ಅಂದರೆ ಈಚೆ ಲೈನ್ ಸರಿ ಇದೆ, ಫಾಲ್ಟ್ ಹಳ್ಳದ ಆಚೆ ಇದೆ ಅಂತ ಖಾತ್ರಿಯಾಯಿತು.

8:30ಕ್ಕೆ ಆಚೆಯ ಲೈನ್‌ಮ್ಯಾನ್ ಫೋನ್ ಮಾಡಿ, ಹುಣಸೆಮರದ ದೊಡ್ಡ ಕೊಂಬೆ ಲೈನಿನ ಮೇಲೆ ಒರಗಿದೆ ಅಂದರು. ಜಿಒಎಸ್ ತೆರೆದಿದ್ದರೂ ಅದೊಂದನ್ನೇ ನಂಬಿ ಯಾರೂ ಲೈನ್ ಮುಟ್ಟಬಾರದು. ಕತ್ತಲಲ್ಲಿ ಮೂರು ಬ್ಲೇಡಿನಲ್ಲಿ ಒಂದು ಸರಿಯಾಗಿ ಬಿಟ್ಟಿರದಿದ್ದರೆ ಗೊತ್ತೇ ಆಗಲ್ಲ. ಹಾಗಾಗಿ ಸ್ಟೇಷನ್ನಿನಲ್ಲೇ ಫೀಡರ್ ಪೂರ್ತಿ ಆಫ್ ಮಾಡಿ, ಅರ್ಥ್ ಹಾಕಿ, ಬೋರ್ಡ್ ನೇತುಹಾಕಿ 8:35ಕ್ಕೆ ಎಲ್‌ಸಿ ಕೊಟ್ಟೆ. ನಂಬರ್ 1.

8:50ಕ್ಕೆ ಈಚೆ ಸೆಕ್ಷನ್ನಿನ ಲೈನ್‌ಮ್ಯಾನ್ ಅಣ್ಣನ ಫೋನ್ ಬಂತು. “ಹೆಂಗೂ ಫೀಡರ್ ಆಫ್ ಐತಲ್ಲಪ್ಪಾ, ಶಾಲೆ ಹತ್ರದ ಟಿಸಿ ಜಂಪ್ ಸುಟ್ಟು ಎರಡು ದಿನ ಆತು. ಇದರಾಗೇ ಹಾಕಿಬಿಡ್ತೀವಿ. ಒಂದು ಎಲ್‌ಸಿ ಕೊಡು.” ಕೇಳಿದ್ದು ಸರಿಯಾಗೇ ಇತ್ತು. ಇನ್ನೊಂದು ಬೋರ್ಡ್ ನೇತುಹಾಕಿ, ಇನ್ನೊಂದು ಎಲ್‌ಸಿ ಕೊಟ್ಟೆ. ನಂಬರ್ 2. ಇಬ್ಬರು ಕೆಲಸಕ್ಕೆ ಹತ್ತಿದರು.

9:35ಕ್ಕೆ ಆಚೆಯವರು ಎಲ್‌ಸಿ 1 ವಾಪಸ್ ಕೊಟ್ಟರು. ಕೊಂಬೆ ಕಡಿದಾಯಿತು, ಜನ ಕೆಳಗಿದ್ದಾರೆ, ನಮ್ಮ ಅರ್ಥ್ ರಾಡ್ ಬಿಚ್ಚಿದ್ದೀವಿ ಅಂದರು. ಫೋನ್ ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು. “ಅಲ್ಲೇ ಎರಡು ಕಂಬ ಮುಂದೆ ಒಂದು ಪಿಂಗಾಣಿ ಮೇಲೆ ಕಪ್ಪು ಗುರುತು ಕಂಡಂಗಾತು. ಟಾರ್ಚಿನಾಗೆ ಸರಿ ಕಾಣಲಿಲ್ಲ.” ನಾನು ಹೂಂ ಅಂದೆ. ಯಾರ್ಡಿಗೆ ಹೋಗಿ ಒಂದು ಬೋರ್ಡ್ ತೆಗೆದು ಬಂದೆ.

ಆಗಲೇ ಯಾಕೆ ಚಾರ್ಜ್ ಮಾಡಲಿಲ್ಲ? ಎಲ್‌ಸಿ 2 ಹೊರಗಿತ್ತು, ಅದಕ್ಕೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಬರಲಿ ಅಂತಲೇ ಕಾಯುತ್ತಿದ್ದೆ. ಈ ನಡುವೆ ಫೋನು ಬಿಟ್ಟೂಬಿಡದೆ ಹೊಡೆದುಕೊಳ್ಳುತ್ತಿತ್ತು. “ಏನ್ರೀ, ಮರ ಕಡಿದು ಎಷ್ಟೊತ್ತಾತು, ಇನ್ನೂ ಕರೆಂಟ್ ಕೊಟ್ಟಿಲ್ಲ”, “ನೀರಿನ ಟ್ಯಾಂಕ್ ಖಾಲಿ ಐತೆ”, “ಮದುವೆಮನೆ ಸ್ವಾಮಿ”. ಒಬ್ಬರಿಗೆ ಉತ್ತರ ಕೊಡುವಷ್ಟರಲ್ಲಿ ಇನ್ನೊಬ್ಬರು. ನಮ್ಮೂರಿಗೆ ಹೋಗುವ ಕೊನೆ ಬಸ್ಸು 10:05ಕ್ಕೆ. 9:55ಕ್ಕೆ ರಾತ್ರಿ ಪಾಳಿಯವರು ಬಂದರು. ಹದಿನೆಂಟು ವರ್ಷದಿಂದ ಅದೇ ಕೆಲಸ ಮಾಡಿದ ಹಿರಿಯರು. ನಾವೆಲ್ಲ ಅವರನ್ನು ದೊಡ್ಡಣ್ಣ ಅಂತಿದ್ದೆವು. ಅವರ ಕೈಗೆ ಫೋನು ಕೊಟ್ಟು, ಪುಸ್ತಕ ಎಳೆದುಕೊಂಡು, ಮೇಲಿನ ನಾಲ್ಕು ಸಾಲು ಬರೆದು, ಸಹಿ ಹಾಕಿ ಓಡಿದೆ.

ಬಸ್ಸಿನಲ್ಲಿ ಕೂತು ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು.

“ತಮ್ಮಾ, ಎಲ್‌ಸಿ ವಾಪಸ್ ಅಂತ ಬರ್ದಿದೀಯ. ಯಾರ್ಡಿನಾಗೆ ಒಂದು ಬೋರ್ಡ್ ನೇತಾಡ್ತೈತಲ್ಲೋ. ನೀನು ತೆಗೆಯೋದು ಮರೆತಿದ್ದೋ, ಇಲ್ಲಾ ಇನ್ಯಾರಾದ್ರೂ ಮೇಲದಾರೋ?”

ನನ್ನ ಕೈಕಾಲು ತಣ್ಣಗಾದವು. “ಅಣ್ಣಾ, ಮುಟ್ಟಬೇಡಿ. ಶಾಲೆ ಟಿಸಿ ಮೇಲೆ ಇಬ್ಬರು ಇದ್ದಾರೆ” ಅಂದೆ. ಆಚೆಯಿಂದ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ “ಆತು, ನಾಳೆ ಬಾ” ಅಂದು ಫೋನ್ ಇಟ್ಟರು.

ಅವರು ನನ್ನ ಸಾಲು ಓದಿ, ಫೀಡರ್ ಚಾರ್ಜ್ ಮಾಡೋಣ ಅಂತ ಅರ್ಥ್ ಸ್ವಿಚ್ ಬಿಚ್ಚಲು ಯಾರ್ಡಿಗೆ ಹೋಗಿದ್ದರು. ಒಂದು ಎಲ್‌ಸಿಗೆ ಒಂದು ಬೋರ್ಡ್ ಅನ್ನೋದು ಅವರೇ ನಮಗೆಲ್ಲ ಹಿಡಿಸಿದ ಪದ್ಧತಿ. ಎರಡು ಎಲ್‌ಸಿಗೂ ಒಂದೇ ಬೋರ್ಡ್ ಹಾಕಿ, ಮೊದಲನೆಯದು ವಾಪಸ್ ಬಂದಾಗ ಅದನ್ನು ತೆಗೆದಿದ್ದರೆ, ಅವರನ್ನು ನಿಲ್ಲಿಸಲು ಯಾರ್ಡಿನಲ್ಲಿ ಏನೂ ಇರುತ್ತಿರಲಿಲ್ಲ. ಕಂಬದ ಮೇಲಿದ್ದವರು ತಮ್ಮ ಅರ್ಥ್ ರಾಡ್ ಹಾಕಿಕೊಂಡಿದ್ದರೆ ಉಳಿಯುತ್ತಿದ್ದರೇನೋ. ಆದರೆ ಸಣ್ಣ ಕೆಲಸ, ಹತ್ತು ನಿಮಿಷದ ಜಂಪ್ ಅಂತ ಅದನ್ನು ಬಿಡುವವರೂ ಇದ್ದಾರೆ. ಅವತ್ತು ಅವರು ಹಾಕಿದ್ದರಾ ಅಂತ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಮರುದಿನ ಮಧ್ಯಾಹ್ನ ನನ್ನ ಪಾಳಿಗೆ ಒಂದು ಗಂಟೆ ಮೊದಲೇ ಹೋದೆ. ದೊಡ್ಡಣ್ಣ ಮನೆಗೆ ಹೋಗಿ, ನಿದ್ದೆ ಮಾಡಿ, ಮತ್ತೆ ಬಂದು ನನಗಾಗಿ ಕಾಯುತ್ತಾ ಕೂತಿದ್ದರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಪುಸ್ತಕ ತೆಗೆದು ನನ್ನ ಸಾಲುಗಳ ಮೇಲೆ ಬೆರಳಿಟ್ಟರು.

“ಎಲ್‌ಸಿ ವಾಪಸ್ ಅಂತ ಬರ್ದಿದೀಯಲ್ಲ, ಎಷ್ಟು ಎಲ್‌ಸಿ?”

“ಎರಡು ಕೊಟ್ಟಿದ್ದೆ ಅಣ್ಣಾ. ಒಂದು ವಾಪಸ್ ಬಂದಿತ್ತು. ಎಲ್‌ಸಿ ಪುಸ್ತಕದಲ್ಲಿ ಎರಡೂ ಬರೆದಿದ್ದೆ.”

ಬರೆದಿದ್ದೆ, ನಿಜ. ಆದರೆ ನಂಬರ್ 1 ಪುಟದ ಕೊನೆಯ ಸಾಲಿನಲ್ಲಿ ಇತ್ತು. ನಂಬರ್ 2 ಹಾಳೆ ತಿರುವಿದ ಮೇಲೆ. ನನ್ನ ಟಿಪ್ಪಣಿ ನಂಬಿದವರಿಗೆ ಹಾಳೆ ತಿರುವಿ ನೋಡಬೇಕು ಅಂತ ಅನ್ನಿಸುವುದೇ ಇಲ್ಲ.

“ಚಾರ್ಜ್ ಮಾಡೋದು ಬಾಕಿ ಅಂತ ಬರ್ದಿದೀಯ. ಯಾಕೆ ಬಾಕಿ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆ ಬಾಕಿ ಅನ್ನೋದು ಆ ಇಡೀ ರಾತ್ರಿಯ ಮುಖ್ಯವಾದ ವಿಷಯ. ಅದನ್ನೇ ಬರೆದಿರಲಿಲ್ಲ. ಅದು ನನ್ನ ತಲೆಯಲ್ಲಿತ್ತು. ನಾನು ಬಸ್ಸು ಹತ್ತಿದಾಗ ಅದೂ ನನ್ನ ಜೊತೆ ಬಸ್ಸು ಹತ್ತಿತು.

ಆಮೇಲೆ ಒಂದು ಖಾಲಿ ಹಾಳೆ ಕೊಟ್ಟರು. “ನಿನ್ನೆ 9:55ಕ್ಕೆ ಏನು ಬರೀಬೇಕಿತ್ತೋ ಅದನ್ನ ಈಗ ಬರಿ. ನಾನು ಇವತ್ತೇ ಹೊಸದಾಗಿ ಸೇರಿದವನು, ಫೋನ್ ಮಾಡೋಕೆ ನಿನ್ನ ನಂಬರೂ ನನ್ನ ಹತ್ರ ಇಲ್ಲ ಅಂತ ತಿಳ್ಕೊ.” ಮೂರು ಸಲ ಬರೆಸಿದರು. ಕೊನೆಗೆ ಉಳಿದದ್ದು ಇದು. ಹೆಸರು, ಫೋನ್ ನಂಬರ್ ಇಲ್ಲಿ ಬಿಟ್ಟಿದ್ದೇನೆ.

“4ನೇ ಫೀಡರ್ ಆಫ್ ಇದೆ. ಚಾರ್ಜ್ ಮಾಡಬಾರದು. ಎಲ್‌ಸಿ 2 ಇನ್ನೂ ಹೊರಗಿದೆ.

ಎಲ್‌ಸಿ 2: ಈಚೆ ಸೆಕ್ಷನ್ ಲೈನ್‌ಮ್ಯಾನ್ (ಹೆಸರು, ಫೋನ್). ಶಾಲೆ ಹತ್ತಿರದ ಟಿಸಿ, ಜಂಪ್ ಹಾಕುವ ಕೆಲಸ. ಇಬ್ಬರು. 8:50ಕ್ಕೆ ಕೊಟ್ಟದ್ದು. ಎಲ್‌ಸಿ 1: ಆಚೆ ಸೆಕ್ಷನ್, 9:35ಕ್ಕೆ ವಾಪಸ್.

ಯಾರ್ಡ್: ಬ್ರೇಕರ್ ಆಫ್, ಐಸೊಲೇಟರ್ ತೆರೆದಿದೆ, ಅರ್ಥ್ ಸ್ವಿಚ್ ಹಾಕಿದೆ, ಬೋರ್ಡ್ 1 ಇದೆ. ಹಳ್ಳದ ಜಿಒಎಸ್ ತೆರೆದಿದೆ.

ಆದದ್ದು: 6:52 ಇಎಫ್ ಟ್ರಿಪ್. 7:05 ಚಾರ್ಜ್, ಮತ್ತೆ ಟ್ರಿಪ್. 7:50 ಜಿಒಎಸ್ ತೆರೆದರು. 7:58 ಈಚೆ ಚಾರ್ಜ್, ನಿಂತಿತು. 8:35 ಎಲ್‌ಸಿಗಾಗಿ ಪೂರ್ತಿ ಆಫ್. ಹುಣಸೆ ಕೊಂಬೆ ತೆಗೆದಿದ್ದಾರೆ.

ಗೊತ್ತಿಲ್ಲದ್ದು: ಕೊಂಬೆ ತೆಗೆದ ಮೇಲೆ ಆಚೆ ಲೈನ್ ಚಾರ್ಜ್ ಮಾಡಿ ನೋಡಿಲ್ಲ. ಎರಡು ಕಂಬ ಮುಂದೆ ಪಿಂಗಾಣಿ ಮೇಲೆ ಕಪ್ಪು ಗುರುತು ಕಂಡಿದೆ ಎಂದು ಲೈನ್‌ಮ್ಯಾನ್ ಹೇಳಿದ್ದಾರೆ, ಖಚಿತವಿಲ್ಲ.

ಮಾಡಬೇಕಾದ್ದು: 1. ಎಲ್‌ಸಿ 2 ಬರುವವರೆಗೆ ಕಾಯುವುದು. 10:30ಕ್ಕೂ ಬರದಿದ್ದರೆ ನಾವೇ ಫೋನ್ ಮಾಡಿ ಕೇಳುವುದು. 2. ಬಂದ ಮೇಲೆ ಈಚೆ ಮಾತ್ರ ಚಾರ್ಜ್. 3. ನಿಂತರೆ, ಫೀಡರ್ ಆಫ್ ಮಾಡಿ, ಜಿಒಎಸ್ ಹಾಕಿಸಿ, ಒಂದೇ ಸಲ ಚಾರ್ಜ್. 4. ಟ್ರಿಪ್ ಆದರೆ ಮತ್ತೆ ಪ್ರಯತ್ನ ಬೇಡ. ಜಿಒಎಸ್ ತೆರೆಸಿ ಈಚೆ ಮಾತ್ರ ಕೊಡುವುದು. ಪಿಂಗಾಣಿ ನೋಡಲು ಆಚೆ ಸೆಕ್ಷನ್ನಿಗೆ ಹೇಳುವುದು. 5. ಆಚೆ ಊರಿನ ವಾಟರ್‌ಮ್ಯಾನ್‌ಗೆ ರಾತ್ರಿ ಕರೆಂಟ್ ಬರುವ ಖಾತ್ರಿ ಇಲ್ಲ ಎಂದು ಇನ್ನೂ ತಿಳಿಸಿಲ್ಲ, ತಿಳಿಸುವುದು.”

ಬರೆಯಲು ಏಳೆಂಟು ನಿಮಿಷ ಹಿಡಿಯಿತು. ಬಸ್ಸು ತಪ್ಪುತ್ತಿತ್ತು, ಅಷ್ಟೆ.

ಈ ಹಾಳೆಯ ಒಂದೊಂದು ಭಾಗದ ಬಗ್ಗೆಯೂ ದೊಡ್ಡಣ್ಣನಿಗೆ ಒಂದೊಂದು ಮಾತಿತ್ತು. ನನಗೆ ಈಗಲೂ ನೆನಪಿರುವಷ್ಟನ್ನು ಹೇಳ್ತೀನಿ.

ಮೊದಲ ಸಾಲು, ಏನು ಮಾಡಬಾರದು ಅನ್ನೋದು. ನಾನು ಆದ ಕ್ರಮದಲ್ಲಿ ಬರೆದಿದ್ದೆ. ಮೊದಲು ಟ್ರಿಪ್, ಆಮೇಲೆ ಮರ, ಆಮೇಲೆ ಎಲ್‌ಸಿ. ಕತೆ ಹೇಳುವಾಗ ಅದು ಸರಿ. ಆದರೆ ಪಾಳಿಗೆ ಬಂದವನು ಕೂತು ಕತೆ ಓದಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡು ಮೊದಲ ಸಾಲು ಓದುತ್ತಾನೆ, ಎರಡನೆಯದರ ಮೇಲೆ ಕಣ್ಣಾಡಿಸುತ್ತಾನೆ. ಜೀವ ಹೋಗುವ ವಿಷಯ ಐದನೇ ಸಾಲಿನಲ್ಲಿದ್ದರೆ ಅದು ಇಲ್ಲದ ಹಾಗೇ.

ಎರಡನೆಯದು, ಈಗ ಯಾವುದು ಹೇಗಿದೆ ಅನ್ನೋದು. ‘ಫೀಡರ್ ಆಫ್ ಇದೆ’ ಅಂದರೆ ಸಾಲದು. ಬ್ರೇಕರ್ ಮಾತ್ರ ಆಫ್ ಇದೆಯಾ, ಐಸೊಲೇಟರ್ ತೆರೆದಿದೆಯಾ, ಅರ್ಥ್ ಹಾಕಿದೆಯಾ, ಎಷ್ಟು ಬೋರ್ಡ್ ಇವೆ? ಇದನ್ನು ಬರೆದರೆ ಬಂದವನು ಯಾರ್ಡಿಗೆ ಹೋಗಿ ಹಾಳೆಗೂ ಕಣ್ಣಿಗೂ ತಾಳೆ ನೋಡಬಹುದು. ತಾಳೆ ಆಗದಿದ್ದರೆ, ಹಾಳೆ ಬರೆದವನು ಎಲ್ಲೋ ಎಡವಿದ್ದಾನೆ ಅಂತ ಅಲ್ಲೇ ಗೊತ್ತಾಗುತ್ತದೆ. ಅವತ್ತು ನನ್ನ ತಪ್ಪು ಸಿಕ್ಕಿದ್ದೂ ಹೀಗೇ. ಹಾಳೆ ಒಂದು ಹೇಳಿತು, ಬೋರ್ಡ್ ಇನ್ನೊಂದು ಹೇಳಿತು. ದೊಡ್ಡಣ್ಣ ಬೋರ್ಡನ್ನು ನಂಬಿದರು.

ಮೂರನೆಯದು, ಗೊತ್ತಿಲ್ಲದ್ದು. ಇದೇ ನನಗೆ ಬಹಳ ಕಷ್ಟವಾದ ಭಾಗ. ಗೊತ್ತಿಲ್ಲ ಅಂತ ಬರೆದರೆ ಕೆಲಸ ಬಾರದವನು ಅಂದುಕೊಳ್ಳುತ್ತಾರೆ ಅನ್ನುವ ನಾಚಿಕೆ. ಪಿಂಗಾಣಿಯ ಕಪ್ಪು ಗುರುತು ನನಗೆ ಆ ಹೊತ್ತಿನಲ್ಲಿ ಮರೆತೇ ಹೋಗಿತ್ತು. ಮರ ಸಿಕ್ಕಿತು, ಮರ ಕಡಿದರು, ಅಲ್ಲಿಗೆ ಕಾರಣ ಸಿಕ್ಕಿತು ಅಂತ ತಲೆ ತೀರ್ಮಾನ ಮಾಡಿಬಿಟ್ಟಿತ್ತು. ಆದರೆ ಮರ ತೆಗೆದ ಮೇಲೆ ಆ ಲೈನನ್ನು ಯಾರೂ ಚಾರ್ಜ್ ಮಾಡಿ ನೋಡಿರಲಿಲ್ಲ. ಹಾಗಿರುವಾಗ ‘ಮರ ತೆಗೆದಿದ್ದಾರೆ’ ಅನ್ನೋದು ನಡೆದ ವಿಷಯ. ‘ಫಾಲ್ಟ್ ಸರಿಯಾಯಿತು’ ಅನ್ನೋದು ನನ್ನ ಊಹೆ. ಎರಡನ್ನೂ ಒಂದೇ ಸಾಲಿನಲ್ಲಿ ಕಲಸಿ ಬರೆದರೆ ಓದುವವನಿಗೆ ಬೇರೆ ಮಾಡಲು ಆಗಲ್ಲ.

ಅವತ್ತು ರಾತ್ರಿ ಮುಂದೇನಾಯಿತು ಅಂತ ಕೇಳಿ. ಎಲ್‌ಸಿ 2 ವಾಪಸ್ ಬಂದಾಗ 10:50. ಈಚೆ ಚಾರ್ಜ್ ಮಾಡಿದರು, ನಿಂತಿತು. ಫೀಡರ್ ಆಫ್ ಮಾಡಿ, ಜಿಒಎಸ್ ಹಾಕಿಸಿ 11:30ಕ್ಕೆ ಪೂರ್ತಿ ಚಾರ್ಜ್ ಮಾಡಿದರು. ಮತ್ತೆ ಇಎಫ್ ಟ್ರಿಪ್. ಮರ ಅರ್ಧ ಕಾರಣ ಮಾತ್ರ ಆಗಿತ್ತು. ಪಿಂಗಾಣಿಯ ವಿಷಯ ನನ್ನ ಟಿಪ್ಪಣಿಯಲ್ಲಿ ಇಲ್ಲದ ಕಾರಣ, ಲೈನ್‌ಮ್ಯಾನ್‌ಗಳು ಮಳೆಯಲ್ಲಿ ಮತ್ತೆ ಹುಣಸೆಮರದ ಹತ್ತಿರವೇ ಹೋಗಿ ಒಂದು ಗಂಟೆ ಹುಡುಕಿದರಂತೆ. ಬೆಳಗ್ಗೆ ಬೆಳಕಾದ ಮೇಲೆ ಎರಡು ಕಂಬ ಮುಂದಿನ ಪಿಂಗಾಣಿಯಲ್ಲಿ ಸಣ್ಣ ತೂತು ಬಿದ್ದು ಸುಟ್ಟಿದ್ದು ಕಂಡಿತು. ಇಂಥ ಪಿಂಗಾಣಿ ನೋಡಲು ಗಟ್ಟಿಯಾಗೇ ಇರುತ್ತದೆ, ಒಡೆದು ಬಿದ್ದಿರಲ್ಲ, ಅದಕ್ಕೇ ಕತ್ತಲಲ್ಲಿ ಸಿಗಲ್ಲ. ಬದಲಾಯಿಸಿ ಆಚೆ ಊರುಗಳಿಗೆ ಕರೆಂಟ್ ಕೊಟ್ಟಾಗ 9:40. ಟ್ಯಾಂಕಿಗೆ ನೀರು ಏರಿದ್ದು ಆಮೇಲೆ. ನನ್ನ ಟಿಪ್ಪಣಿಯಲ್ಲಿ ಒಂದು ಸಾಲು ಜಾಸ್ತಿ ಇದ್ದಿದ್ದರೆ ನಾಲ್ಕು ಜನಕ್ಕೆ ಮಳೆಯಲ್ಲಿ ಒಂದು ಗಂಟೆ ಉಳಿಯುತ್ತಿತ್ತು.

ನಾಲ್ಕನೆಯದು, ಮಾಡಬೇಕಾದ್ದಕ್ಕೆ ಹೊತ್ತು ಮತ್ತು ಹೆಸರು. ‘ನೋಡಿಕೊಳ್ಳುವುದು’, ‘ಕೆಲಸ ನಡೆದಿದೆ’, ‘ವಿಚಾರಿಸಬೇಕು’. ನಮ್ಮ ಪುಸ್ತಕದ ತುಂಬ ಇಂಥ ಮಾತುಗಳೇ ಇದ್ದವು. ಯಾರು, ಯಾವಾಗ, ಎಲ್ಲಿಯವರೆಗೆ ಅಂತ ಇಲ್ಲದಿದ್ದರೆ ಅದು ಯಾರ ಕೆಲಸವೂ ಅಲ್ಲ. ‘10:30ಕ್ಕೂ ಬರದಿದ್ದರೆ ನಾವೇ ಫೋನ್’ ಅಂತ ಬರೆದರೆ 10:30ಕ್ಕೆ ಒಬ್ಬ ಗಡಿಯಾರ ನೋಡುತ್ತಾನೆ. ಹಾಗೇ ‘ಒಂದೇ ಸಲ ಚಾರ್ಜ್’ ಅಂತ ಬರೆಯೋದು. ನಾನು 7:05ಕ್ಕೆ ಒಮ್ಮೆ ಮಾಡಿ ನೋಡಿದ್ದು ಗೊತ್ತಿಲ್ಲದೆ ಬಂದವನು ಮತ್ತೆ ಮಾಡಿ ನೋಡಿದರೆ, ಮೊದಲೇ ಸುಟ್ಟ ಜಾಗಕ್ಕೆ ಇನ್ನೊಮ್ಮೆ ಬೆಂಕಿ ಕೊಟ್ಟ ಹಾಗೆ. ತಂತಿ ನೆಲಕ್ಕೆ ಬಿದ್ದಿದ್ದರಂತೂ ಅದರ ಪಕ್ಕ ಯಾರಿದ್ದಾರೋ ದೇವರಿಗೇ ಗೊತ್ತು.

ಕೊನೆಯದಾಗಿ ಅವರು ಹೇಳಿದ್ದು ಹಾಳೆಯ ಮಿತಿ. ಎಷ್ಟೇ ಚೆನ್ನಾಗಿ ಬರೆದರೂ ಟಿಪ್ಪಣಿ ನೋಡಿಕೊಂಡು ಫೀಡರ್ ಚಾರ್ಜ್ ಮಾಡೋ ಹಾಗಿಲ್ಲ. ಅದಕ್ಕೆ ಎಲ್‌ಸಿ ಪುಸ್ತಕ ಇದೆ. ಕೊಟ್ಟ ನಂಬರ್ ಎಷ್ಟು, ವಾಪಸ್ ಬಂದ ನಂಬರ್ ಎಷ್ಟು ಅಂತ ಅಲ್ಲಿ ಲೆಕ್ಕ ಹಾಕಲೇಬೇಕು. “ನಾನೂ ತಪ್ಪು ಮಾಡಿದೆ ತಮ್ಮಾ. ಹಾಳೆ ತಿರುವಲಿಲ್ಲ. ನಿನ್ನನ್ನ ಬಿಡೋ ಮುಂಚೆ ನಿನ್ನ ಸಾಲು ನಿನಗೇ ಓದಿ ಹೇಳಬೇಕಿತ್ತು. ಓದಿದ್ರೆ ಅಲ್ಲೇ ನಿನಗೆ ನೆನಪಾಗ್ತಿತ್ತು” ಅಂದರು. ಅವತ್ತಿನಿಂದ ನಮ್ಮ ಸ್ಟೇಷನ್ನಿನಲ್ಲಿ ಬಂದವನು ಟಿಪ್ಪಣಿಯನ್ನು ಗಟ್ಟಿಯಾಗಿ ಓದೋದು, ಹೋಗುವವನು ಕೇಳಿಸಿಕೊಳ್ಳೋದು, ಇಬ್ಬರೂ ಒಟ್ಟಿಗೆ ಯಾರ್ಡಿಗೆ ಹೋಗಿ ಬೋರ್ಡ್ ಎಣಿಸೋದು ಶುರುವಾಯಿತು. ಬಸ್ಸು ತಪ್ಪಿದವರನ್ನು ಬೈಕಿನಲ್ಲಿ ಬಿಟ್ಟು ಬರುವ ಕೆಲಸ ವಾಚ್‌ಮನ್ನಿಗೆ ಬಿತ್ತು.

ಆಮೇಲೆ ಪತ್ರಿಕೋದ್ಯಮ ಓದುವಾಗ ಒಂದು ದೊಡ್ಡ ದುರಂತದ ವಿವರ ಓದಿ ಬೆಚ್ಚಿಬಿದ್ದೆ. 1988ರ ಜುಲೈ 6. ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನುವ ತೈಲ ತೆಗೆಯುವ ಕಟ್ಟೆ. ಅಲ್ಲಿ ಎ, ಬಿ ಅಂತ ಎರಡು ಪಂಪು. ಹಗಲು ಪಾಳಿಯಲ್ಲಿ ಎ ಪಂಪಿನ ಸುರಕ್ಷತಾ ವಾಲ್ವನ್ನು ರಿಪೇರಿಗೆ ಬಿಚ್ಚಿದ್ದರು. ಸಂಜೆಯೊಳಗೆ ಮುಗಿಯಲಿಲ್ಲ. ಬಾಯಿಗೆ ಒಂದು ಮುಚ್ಚಳ ಹಾಕಿ ಬಿಟ್ಟರು. ಪಂಪಿನ ರಿಪೇರಿಗೆ ಒಂದು ಪರವಾನಗಿ ಚೀಟಿ, ವಾಲ್ವಿನ ಕೆಲಸಕ್ಕೆ ಬೇರೆ ಚೀಟಿ. ರಾತ್ರಿ ಪಾಳಿಯವರಿಗೆ ಪಂಪಿನ ಚೀಟಿಯ ವಿಷಯ ಗೊತ್ತಿತ್ತು, ವಾಲ್ವ್ ಇಲ್ಲ ಅನ್ನುವ ವಿಷಯ ದಾಟಿರಲಿಲ್ಲ. ರಾತ್ರಿ ಬಿ ಪಂಪು ನಿಂತಾಗ ಎ ಪಂಪು ಶುರು ಮಾಡಲು ಹೋದರು. ಗ್ಯಾಸ್ ಸೋರಿ ಸ್ಫೋಟವಾಯಿತು. 167 ಜನ ಸತ್ತರು. ಆಮೇಲೆ ಲಾರ್ಡ್ ಕಲೆನ್ ನಡೆಸಿದ ವಿಚಾರಣೆಯ ವರದಿ 1990ರಲ್ಲಿ ಬಂತು. ಪಾಳಿ ಬದಲಾಗುವಾಗ ವಿಷಯ ದಾಟದೆ ಹೋದದ್ದನ್ನೂ, ಪರವಾನಗಿ ಚೀಟಿಗಳ ಪದ್ಧತಿ ಸಡಿಲವಾಗಿದ್ದದ್ದನ್ನೂ ಅದು ಎತ್ತಿ ಹೇಳಿತು.

ಎರಡು ಚೀಟಿ, ಅದರಲ್ಲಿ ಒಂದು ಮಾತ್ರ ಮುಂದಿನವರಿಗೆ ಗೊತ್ತು. ನನ್ನ ಎರಡು ಎಲ್‌ಸಿಯೂ ಅದೇ. ಸಮುದ್ರದ ನಡುವಿನ ಕಟ್ಟೆಯಲ್ಲಾದರೂ ಒಂದೇ, ನಮ್ಮ ಹಳ್ಳದ ಪಕ್ಕದಲ್ಲಾದರೂ ಒಂದೇ. ದೊಡ್ಡ ಕೆಲಸ ಎಲ್ಲರ ನೆನಪಲ್ಲಿ ಇರುತ್ತದೆ. ಅದರ ಪಕ್ಕದಲ್ಲಿ ‘ಹೆಂಗೂ ಆಫ್ ಐತಲ್ಲ’ ಅಂತ ಸೇರಿಕೊಂಡ ಸಣ್ಣ ಕೆಲಸ ಟಿಪ್ಪಣಿಗೆ ಬರುವುದಿಲ್ಲ.

ಇದನ್ನು ಓದುತ್ತಿರುವ ನೀವು ಆಪರೇಟರ್ ಅಲ್ಲದೆ ಇರಬಹುದು. ಆದರೆ ಮಳೆ ರಾತ್ರಿಯಲ್ಲಿ ಸ್ಟೇಷನ್ನಿಗೆ ಫೋನ್ ಮಾಡುವವರು ನೀವೇ. ಫೋನ್ ಮಾಡಬೇಡಿ ಅಂತ ನಾನು ಹೇಳಲ್ಲ, ನಾನೂ ಮಾಡ್ತೀನಿ. ಮಾಡಿದಾಗ ಕಂಡದ್ದನ್ನು ಹೇಳಿ. ಯಾವ ಊರಿನ ಯಾವ ಕಂಬದಲ್ಲಿ ಕಿಡಿ ಕಂಡಿತು, ಎಷ್ಟು ಹೊತ್ತಿಗೆ, ತಂತಿ ನೆಲದಲ್ಲಿ ಬಿದ್ದಿದೆಯಾ, ಮರ ಒರಗಿದೆಯಾ. ಅದು ಟಿಪ್ಪಣಿಗೆ ಸೇರುತ್ತದೆ, ಮುಂದಿನ ಪಾಳಿಯವನ ಕೈಗೂ ಸಿಗುತ್ತದೆ. “ಒಂದ್ಸಲ ಹಾಕಿ ನೋಡ್ರೀ” ಅಂತ ಮಾತ್ರ ಒತ್ತಾಯ ಮಾಡಬೇಡಿ. ಹಾಕದೆ ಇರೋದಕ್ಕೆ ಅಲ್ಲಿ ಒಂದು ಬೋರ್ಡ್ ನೇತಾಡುತ್ತಿರಬಹುದು.

ಶಾಲೆ ಹತ್ತಿರದ ಆ ಟಿಸಿ ಮೇಲೆ ಅವತ್ತು ಹತ್ತಿದ್ದ ಲೈನ್‌ಮ್ಯಾನ್ ಅಣ್ಣ ಹೋದ ವರ್ಷ ರಿಟೈರ್ ಆದರು. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಊಟ ಆದಮೇಲೆ ಆ ರಾತ್ರಿಯ ವಿಷಯ ಅವರಿಗೆ ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿಯುತ್ತಾ ಸುಮ್ಮನೆ ಕೂತರು. ಆಮೇಲೆ “ಆ ಜಂಪ್ ಇವತ್ತಿಗೂ ಗಟ್ಟಿ ಐತೆ ನೋಡು” ಅಂದರು.